ಏಸಿ ಬುಸುಗುಟ್ಟಿದಾಗ

ಕಲಬುರಗಿಯ ಏಪ್ರಿಲ್ ರಾತ್ರಿ. ಹನ್ನೊಂದು ಗಂಟೆಗೆ ಅತ್ತೆ ತಮ್ಮ ಕೋಣೆಯಿಂದ ಎದ್ದು ಬಂದರು. "ಗ್ವಾಡಿ ಮ್ಯಾಲ ಏನೋ ಬುಸ್ ಅನ್ಲಿಕತ್ತದ ನೋಡವ್ವ, ಹಾವೇನಾರ ಸೇರ್ಯದೇನು?" ಹೋಗಿ ನೋಡಿದೆ. ಹಾವಿರಲಿಲ್ಲ. ಗೋಡೆಯ ಮೇಲಿನ ಏಸಿಯ ಒಳಗಿನಿಂದ ಬುಸ್ಸೆನ್ನುವ ಸಣ್ಣ ಸದ್ದು ಬರುತ್ತಿತ್ತು, ನಡುನಡುವೆ ಗುಳುಗುಳು ಎಂದೂ ಕೇಳಿಸುತ್ತಿತ್ತು. ಕೋಣೆ ಎಂದಿನಷ್ಟು ತಣ್ಣಗಿರಲಿಲ್ಲ.

ಇದೇ ಸದ್ದಿಗೆ ಒಂದೂವರೆ ತಿಂಗಳ ಹಿಂದೆಯೇ ಒಬ್ಬ ಮೆಕ್ಯಾನಿಕ್ ಹುಡುಗನನ್ನು ಕರೆಸಿದ್ದೆವು. ಅವನು ಹೊರಗಿನ ಪೆಟ್ಟಿಗೆಗೆ ಮೀಟರು ಸಿಕ್ಕಿಸಿ, "ಗ್ಯಾಸ್ ಖಾಲಿ ಆಗ್ಯದ್ರಿ, ವರ್ಷಕ್ಕೊಮ್ಮೆ ತುಂಬಿಸ್ಬೇಕಾಗ್ತದ" ಎಂದು ತುಂಬಿ, ದುಡ್ಡು ತೆಗೆದುಕೊಂಡು ಹೋಗಿದ್ದ. ಈ ಸಲ ಪಕ್ಕದ ಮನೆಯವರು ಬೇರೆ ಒಬ್ಬರನ್ನು ಕಳಿಸಿದರು. ಮೂವತ್ತು ವರ್ಷ ಫ್ರಿಜ್ಜು, ಏಸಿಗಳ ರಿಪೇರಿ ಮಾಡಿದ ಹಿರಿಯರು, ಓಣಿಯವರಿಗೆಲ್ಲ ಚಾಚಾ. ಅವರು ಬಂದವರೇ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಅತ್ತೆಯ ಎದುರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು: ಸದ್ದು ಒಳಗಿನ ಪೆಟ್ಟಿಗೆಯಿಂದಲೋ ಹೊರಗಿನದರಿಂದಲೋ? ಹಚ್ಚಿದ ಕೂಡಲೇ ಬರುತ್ತದೋ, ನಡೆಯುವಾಗಲೋ, ಬಂದ್ ಮಾಡಿದ ಮೇಲೋ? ಬಂದರೆ ಎಷ್ಟು ಹೊತ್ತು ಇರುತ್ತದೆ?

ಡಾಕ್ಟರು ಕೆಮ್ಮಿನ ಬಗ್ಗೆ ಕೇಳುವ ಹಾಗಿತ್ತು. ಅವರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಏಸಿಯ ಯಾವ ಸದ್ದೂ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬಂದ್ ಮಾಡಿದ ಮೇಲೆ ಎರಡು ನಿಮಿಷ ಬರುವ ಬುಸ್ ಆರೋಗ್ಯದ ಲಕ್ಷಣ. ಅದೇ ಬುಸ್ ರಾತ್ರಿಯಿಡೀ ಕೇಳಿಸಿದರೆ ರೋಗ.

ಈ ಸದ್ದು ಹುಟ್ಟುವುದು ಎಲ್ಲಿ ಎಂಬುದನ್ನು ತಿಳಿಯಲು ಏಸಿಯ ಹೊಟ್ಟೆಯನ್ನು ಸ್ವಲ್ಪ ನೋಡಬೇಕು. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಅದೇ ಪೆಟ್ಟಿಗೆಯ ಸುರುಳಿಯಲ್ಲಿ ಫ್ಯಾನಿನ ಗಾಳಿಗೆ ಬಿಸಿ ಕಳೆದುಕೊಂಡ ಗ್ಯಾಸು ದ್ರವವಾಗುತ್ತದೆ. ಆ ದ್ರವ ಒಂದೂವರೆ ಎರಡು ಮಿಲಿಮೀಟರ್ ತೂತಿನ ಉದ್ದನೆಯ ತಾಮ್ರದ ಎಳೆಯೊಳಗೆ ನುಗ್ಗಬೇಕು. ಅದಕ್ಕೆ ಕ್ಯಾಪಿಲರಿ ಎನ್ನುತ್ತಾರೆ. ಇನ್ವರ್ಟರ್ ಏಸಿಗಳಲ್ಲಿ ಹೆಚ್ಚಾಗಿ ಅದರ ಜಾಗದಲ್ಲಿ ಸಣ್ಣ ಮೋಟಾರಿನಿಂದ ತೆರೆದು ಮುಚ್ಚುವ ವಾಲ್ವ್ ಇರುತ್ತದೆ. ಎಳೆಯ ಒಂದು ಕಡೆ ಬೈಕಿನ ಟೈರಿನ ಗಾಳಿಗಿಂತ ಹತ್ತು ಪಟ್ಟಿಗೂ ಮೀರಿದ ಒತ್ತಡ, ಇನ್ನೊಂದು ಕಡೆ ಅದರ ಮೂರನೆಯ ಒಂದು ಪಾಲಿನಷ್ಟು. ಆಚೆ ಬಂದ ದ್ರವ ಒಮ್ಮೆಲೆ ಹಗುರಾಗಿ ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ಕೋಣೆಯ ಗಾಳಿಯಿಂದ ಹೀರುತ್ತದೆ. ನಮಗೆ ತಂಪು ಸಿಗುವುದು ಹೀಗೆ.

ಕಂಪ್ರೆಸರ್ ನಿಂತಾಗ ಈ ಎರಡು ಒತ್ತಡಗಳು ಒಂದಾಗಲೇಬೇಕು. ಅದಕ್ಕಿರುವ ದಾರಿ ಆ ಸಣ್ಣ ಎಳೆ ಮಾತ್ರ. ಹಾಗಾಗಿ ಎರಡು ಮೂರು ನಿಮಿಷ ಬುಸ್ಸೆಂದು, ಕೊನೆಕೊನೆಗೆ ಗುಳುಗುಳು ಎಂದು ಗ್ಯಾಸು ಆಚೆ ಹರಿದು ಸುಮ್ಮನಾಗುತ್ತದೆ. ಬಂದ್ ಮಾಡಿ ತಕ್ಷಣ ಹಚ್ಚಿದರೆ ಏಸಿ ಮೂರು ನಿಮಿಷ ಬರೀ ಗಾಳಿ ಬೀಸಿಕೊಂಡು ಕೂರುವುದೂ ಇದಕ್ಕಾಗಿಯೇ. ಒತ್ತಡ ಸಮವಾಗುವ ಮುಂಚೆ ಕಂಪ್ರೆಸರ್ ಎದ್ದೇಳಲು ಹೊರಟರೆ ಅದಕ್ಕೆ ಶಕ್ತಿ ಸಾಲುವುದಿಲ್ಲ.

ನಮ್ಮ ಮನೆಯ ಸದ್ದು ಈ ಬಗೆಯದಲ್ಲ. ಅದು ಏಸಿ ನಡೆಯುತ್ತಿರುವಾಗಲೇ, ನಿಲ್ಲದೆ ಬರುತ್ತಿತ್ತು. ಹಾಗಾದರೆ ಗ್ಯಾಸು ಸೋರುವ ಸದ್ದು ತಾನೇ ಎಂದು ನಾನು ಕೇಳಿದೆ. ಚಾಚಾ ತಲೆ ಅಲ್ಲಾಡಿಸಿದರು. "ಸೋರೋದು ಕೇಳ್ಸಂಗಿಲ್ರಿ. ಕಡಿಮಿ ಆಗಿದ್ದು ಕೇಳಸ್ತದ."

ಈ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸುರುಳಿಯಲ್ಲಿ ಗ್ಯಾಸು ಬೇಕಾದಷ್ಟಿದ್ದರೆ ಎಳೆಯ ಬಾಯಿಗೆ ಬರುವುದು ಗುಳ್ಳೆಯಿಲ್ಲದ ದ್ರವ. ಅದರ ಹರಿವು ಒಂದೇ ಸಮ, ಸದ್ದು ಕಡಿಮೆ. ಗ್ಯಾಸು ಕಡಿಮೆಯಾದಾಗ ಹೊರಗಿನ ಸುರುಳಿಯ ಕೊನೆಯಲ್ಲಿ ದ್ರವ ತುಂಬಿ ನಿಲ್ಲುವುದಿಲ್ಲ. ದ್ರವದ ಜೊತೆ ಗುಳ್ಳೆಗಳೂ ಎಳೆಗೆ ನುಗ್ಗುತ್ತವೆ. ನಳದಲ್ಲಿ ನೀರು ನಿಲ್ಲುವ ಹೊತ್ತಿಗೆ ಗಾಳಿ ಸೇರಿ ಬುಸ್ ಬುಸ್ ಎಂದು ಕಾರುತ್ತದಲ್ಲ, ಹಾಗೆ. ಆ ಸದ್ದು ತೆಳು ಪೈಪಿನುದ್ದಕ್ಕೂ ನಡೆದು ಬಂದು ಮಲಗುವ ಕೋಣೆಯ ಗೋಡೆಯಲ್ಲಿ ಕೇಳಿಸುತ್ತದೆ. ತೂತು ಬೇರೆಲ್ಲೋ ಇರುತ್ತದೆ, ತೆಪ್ಪಗಿರುತ್ತದೆ.

ಬರೀ ಸದ್ದು ಕೇಳಿ ತೀರ್ಮಾನ ಮಾಡುವುದು ಚಾಚಾನಿಗೂ ಒಪ್ಪಿಗೆಯಿಲ್ಲ. ಮೊದಲು ಅವರು ಜಾಳಿಗೆ ತೆಗೆದು ನೋಡಿದರು. ಧೂಳು ಕಟ್ಟಿದ ಜಾಳಿಗೆಯಿಂದಲೂ ತಂಪು ಕಡಿಮೆಯಾಗುತ್ತದೆ, ಗಾಳಿ ಇಕ್ಕಟ್ಟಿನಲ್ಲಿ ನುಗ್ಗಿ ಸುಯ್ಯೆನ್ನುತ್ತದೆ. ನಮ್ಮದು ಶುಚಿಯಾಗಿತ್ತು. ಆಮೇಲೆ ಒಂದು ಥರ್ಮಾಮೀಟರನ್ನು ಏಸಿಯ ಮೇಲ್ಭಾಗದಲ್ಲಿ, ಗಾಳಿ ಒಳಹೋಗುವಲ್ಲಿ ಹಿಡಿದರು. 31 ಡಿಗ್ರಿ. ಗಾಳಿ ಹೊರಬರುವ ಬಾಯಲ್ಲಿ ಹಿಡಿದರು. 25. ಅರ್ಧ ಗಂಟೆ ನಡೆದ ಏಸಿಯಲ್ಲಿ ಈ ಅಂತರ ಹತ್ತರ ಆಸುಪಾಸಿನಲ್ಲಿರಬೇಕು, ಇಲ್ಲಿ ಆರೇ ಇತ್ತು. ಇದು ಮನೆಯವರೂ ಮಾಡಬಹುದಾದ ಪರೀಕ್ಷೆ. ಅಡುಗೆಮನೆಯ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಾಕು. ಕರಾವಳಿಯಲ್ಲಾದರೆ ಗಾಳಿಯ ತೇವ ಇಳಿಸುವುದರಲ್ಲೇ ಏಸಿಯ ಬಲ ಬಹಳಷ್ಟು ಹೋಗುವುದರಿಂದ ಅಂತರ ಇನ್ನೂ ಸ್ವಲ್ಪ ಕಡಿಮೆ ಬಂದೀತು.

ನಂತರ ಮಾಳಿಗೆ ಹತ್ತಿದೆವು. ಹೊರಗಿನ ಪೆಟ್ಟಿಗೆಯ ಪಕ್ಕದಲ್ಲಿ ಎರಡು ತಾಮ್ರದ ಪೈಪು ಬಂದು ಸೇರುತ್ತವೆ, ಒಂದು ತೆಳು, ಒಂದು ದಪ್ಪ. ತೆಳು ಪೈಪಿನ ಜೋಡಣೆಯ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ನಲವತ್ತು ಡಿಗ್ರಿಯ ಊರಿನಲ್ಲಿ! ಕ್ಯಾಪಿಲರಿ ಹೊರಗಿನ ಪೆಟ್ಟಿಗೆಯಲ್ಲೇ ಇರುವುದರಿಂದ ಈ ಪೈಪಿನಲ್ಲಿ ಬರುವುದು ಆಗಲೇ ತಣ್ಣಗಾದ ಮಿಶ್ರಣ. ಗ್ಯಾಸು ಕಡಿಮೆಯಾದಾಗ ಒತ್ತಡ ಇನ್ನಷ್ಟು ಇಳಿದು, ತಂಪು ಶೂನ್ಯದ ಕೆಳಗೆ ಹೋಗಿ, ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ದಪ್ಪ ಪೈಪು ಮಾತ್ರ ಬೆಚ್ಚಗಿತ್ತು. ಜಾಳಿಗೆ ಕಟ್ಟಿದ ಏಸಿಯಲ್ಲೂ ಹಿಮ ಬರುತ್ತದೆ, ಆದರೆ ಅದು ಒಳಗಿನ ಸುರುಳಿಯನ್ನೆಲ್ಲ ಆವರಿಸಿ ದಪ್ಪ ಪೈಪಿನವರೆಗೂ ಬರುವುದು ಹೆಚ್ಚು. ತೆಳು ಪೈಪಿಗೆ ಮಾತ್ರ ಹಿಮ, ದಪ್ಪ ಪೈಪು ಬಿಸಿ, ಒಳಗೆ ಬುಸ್: ಈ ಮೂರೂ ಸೇರಿದರೆ ಅನುಮಾನ ಗ್ಯಾಸಿನ ಮೇಲೆ.

ದಪ್ಪ ಪೈಪಿನ ನಟ್ಟಿನ ಸುತ್ತ ಎಣ್ಣೆಯ ಜಿಡ್ಡಿತ್ತು, ಅದಕ್ಕೆ ಧೂಳು ಅಂಟಿ ಕರಿ ಉಂಗುರವಾಗಿತ್ತು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆ ಪೈಪಿನಲ್ಲೆಲ್ಲ ಸುತ್ತುತ್ತಿರುತ್ತದೆ. ಗ್ಯಾಸು ಸೋರಿ ಹಾರಿಹೋಗುತ್ತದೆ, ಎಣ್ಣೆ ಅಲ್ಲೇ ಉಳಿದು ಸಾಕ್ಷಿ ಹೇಳುತ್ತದೆ. ಚಾಚಾ ಏಸಿ ಬಂದ್ ಮಾಡಿಸಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಸವರಿದರು. ಸ್ವಲ್ಪ ಹೊತ್ತಿಗೆ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಂದ್ ಮಾಡಿಸಿದ್ದಕ್ಕೂ ಕಾರಣವಿತ್ತು. ದಪ್ಪ ಪೈಪಿನಲ್ಲಿ ಏಸಿ ನಡೆಯುವಾಗಿನ ಒತ್ತಡಕ್ಕಿಂತ ನಿಂತಾಗಿನ ಒತ್ತಡವೇ ಹೆಚ್ಚು, ತೂತು ಬೇಗ ಸಿಗುತ್ತದೆ.

ನಾವು ಹೋದ ವರ್ಷ ಮನೆ ಬದಲಿಸಿದಾಗ ಏಸಿಯನ್ನು ಬಿಚ್ಚಿ ತಂದು ಕೂಡಿಸಿದ್ದೆವು. ಆಗ ಪೈಪಿನ ತುದಿಯನ್ನು ತುತ್ತೂರಿಯ ಬಾಯಂತೆ ಅಗಲಿಸಿ ನಟ್ಟು ಬಿಗಿಯುತ್ತಾರೆ, ಇದಕ್ಕೆ ಫ್ಲೇರ್ ಎಂದು ಹೆಸರು. ತುದಿ ಓರೆಯಾಗಿ ಕತ್ತರಿಸಿದ್ದರೆ, ಅಥವಾ ಬಲ ಇದೆಯೆಂದು ಸ್ಪ್ಯಾನರಿಗೆ ಜೋತುಬಿದ್ದು ಬಿಗಿದರೆ ಆ ತುತ್ತೂರಿಯ ಬಾಯಿ ಕೂದಲೆಳೆಯಷ್ಟು ಸೀಳುತ್ತದೆ. ನಮ್ಮದು ಸೀಳಿತ್ತು. ಸ್ಪ್ಲಿಟ್ ಏಸಿಗಳಲ್ಲಿ, ಅದರಲ್ಲೂ ಮನೆ ಬದಲಿಸಿದ ಮೇಲೆ, ಮೊದಲು ನೋಡಬೇಕಾದ್ದು ಈ ನಾಲ್ಕು ಜೋಡಣೆಗಳನ್ನೇ.

ಮುಂದಿನದ್ದನ್ನು ಲೆಕ್ಕ ಸಮೇತ ಹೇಳುತ್ತೇನೆ. ಹೊರಗಿನ ಪೆಟ್ಟಿಗೆಯ ಪಟ್ಟಿಯ ಮೇಲೆ ಗ್ಯಾಸಿನ ಹೆಸರು, ತೂಕ ಬರೆದಿರುತ್ತದೆ. ನಮ್ಮ ಒಂದೂವರೆ ಟನ್ನಿನ ಏಸಿಯದ್ದು ಆರ್-32, 800 ಗ್ರಾಂ. ಚಾಚಾ ಒಳಗೆ ಉಳಿದದ್ದನ್ನು ಯಂತ್ರದಿಂದ ಖಾಲಿ ಸಿಲಿಂಡರಿಗೆ ಎಳೆದು ತೂಗಿದರು. 510 ಗ್ರಾಂ. ಆ ಹುಡುಗ ಸರಿಯಾಗಿ ತುಂಬಿದ್ದನೆಂದೇ ಇಟ್ಟುಕೊಂಡರೆ ಸುಮಾರು ನಲವತ್ತು ದಿನದಲ್ಲಿ 290 ಗ್ರಾಂ ಹೋಗಿದೆ. ದಿನಕ್ಕೆ ಏಳು ಗ್ರಾಂ, ಗಂಟೆಗೆ ಒಂದು ಗ್ರಾಮಿನ ಮೂರನೆಯ ಒಂದು ಪಾಲೂ ಇಲ್ಲ. ಅಷ್ಟು ನಿಧಾನದ ಸೋರಿಕೆಯನ್ನು ಯಾವ ಕಿವಿಯೂ ಕೇಳಲಾರದು. ಆದರೆ ಆ ಉಳಿದ 510 ಗ್ರಾಮಿನಲ್ಲಿ ಕಂಪ್ರೆಸರ್ ರಾತ್ರಿಯಿಡೀ ಬಿಡುವಿಲ್ಲದೆ ಓಡುತ್ತಿತ್ತು. ಅದನ್ನು ತಣ್ಣಗಿಡುವುದು ತಿರುಗಿ ಬರುವ ತಂಪು ಗ್ಯಾಸೇ ಆದ್ದರಿಂದ ಅದು ಕಾಯುತ್ತಲೂ ಇತ್ತು.

ಪೈಪಿನ ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡಿದರು. ನೈಟ್ರೋಜನ್ ತುಂಬಿ ಅರ್ಧ ಗಂಟೆ ಬಿಟ್ಟು ಮೀಟರಿನ ಮುಳ್ಳು ಇಳಿಯದ್ದನ್ನು ನೋಡಿದರು. ಆಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ತೆಗೆದರು. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು 800 ಗ್ರಾಂ ಬಿಟ್ಟರು. ಹಚ್ಚಿ ಅರ್ಧ ಗಂಟೆಯ ನಂತರ ಬಾಯಲ್ಲಿ 20 ಡಿಗ್ರಿ ಗಾಳಿ, ಬುಸ್ ಇಲ್ಲ.

ವರ್ಷಕ್ಕೊಮ್ಮೆ ಗ್ಯಾಸು ತುಂಬಿಸಬೇಕೆಂಬ ಮಾತು ಸುಳ್ಳು ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಏಸಿಯ ಗ್ಯಾಸು ಒಲೆಯ ಗ್ಯಾಸಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತೂತು ಎಲ್ಲಿ ಎಂದು ಹೇಳದೆ ಗ್ಯಾಸು ತುಂಬುವವರಿಗೆ ಕೊಟ್ಟ ದುಡ್ಡು ಗಾಳಿಗೆ ಹೋಗುತ್ತದೆ, ಈ ಮಾತು ಅಕ್ಷರಶಃ ನಿಜ.

ಒಂದು ಬುಸ್ ಮಾತ್ರ ಚಾಚಾನನ್ನು ಕಾಯುವಂಥದ್ದಲ್ಲ. ಪೈಪು ಒಡೆದು ಇದ್ದಕ್ಕಿದ್ದಂತೆ ಪ್ರೆಷರ್ ಕುಕ್ಕರಿನಂತೆ ಜೋರಾಗಿ ಗ್ಯಾಸು ನುಗ್ಗಿದರೆ ಅದು ನಿಜಕ್ಕೂ ಸೋರಿಕೆಯದ್ದೇ ಸದ್ದು. ಆರ್-32 ಸ್ವಲ್ಪಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸು, ಗಾಳಿಗಿಂತ ಭಾರ. ಕೋಣೆಯಲ್ಲಿ ದೀಪ, ಊದುಬತ್ತಿ ಇದ್ದರೆ ಆರಿಸಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು, ಸಾಧ್ಯವಾದರೆ ಕೋಣೆಯ ಹೊರಗಿನ ಎಂಸಿಬಿ ಇಳಿಸಬೇಕು.

ಗುಳುಗುಳುವಿನ ಕಥೆ ಬೇರೆ. ಅದು ಗ್ಯಾಸಿನದ್ದೂ ಆಗಬಹುದು, ಬರೀ ನೀರಿನದ್ದೂ ಆಗಬಹುದು. ಮಂಗಳೂರಿನ ಫ್ಲ್ಯಾಟಿನಲ್ಲಿರುವ ನನ್ನ ತಂಗಿಯ ಏಸಿ ಸಂಜೆ ಏಳರಿಂದ ಎಂಟರವರೆಗೆ ಮಾತ್ರ ಗುಳುಗುಳು ಎನ್ನುತ್ತಿತ್ತು. ತಂಪು ಚೆನ್ನಾಗಿಯೇ ಇತ್ತು. ಏಳರಿಂದ ಎಂಟರವರೆಗೆ ಅವಳ ಅಡುಗೆಮನೆಯಲ್ಲಿ ಚಿಮಣಿ ನಡೆಯುತ್ತದೆ. ಕಿಟಕಿಗಳೆಲ್ಲ ಮುಚ್ಚಿದ ಫ್ಲ್ಯಾಟಿನಿಂದ ಚಿಮಣಿ ಗಾಳಿಯನ್ನು ಹೊರಗೆಳೆದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು. ಏಸಿಯ ನೀರು ಹೋಗುವ ಪೈಪು ಅದಕ್ಕೆ ಸಿಕ್ಕ ಸಂದು. ಇಳಿಯುವ ನೀರಿನ ಎದುರಿಗೆ ಗಾಳಿ ಮೇಲಕ್ಕೆ ಏರುವಾಗ ಗುಳ್ಳೆ ಒಡೆದು ಹುಕ್ಕಾದ ಸದ್ದು ಬರುತ್ತದೆ. ನಾನು ಫೋನಿನಲ್ಲೇ ಚಿಮಣಿ ಬಂದ್ ಮಾಡು ಎಂದೆ, ಸದ್ದು ನಿಂತಿತು. ಈಗ ಅಡುಗೆಮನೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡುತ್ತಾಳೆ.

ನೀರಿನ ಪೈಪಿನ ಹೊರತುದಿ ಬಕೆಟ್ಟಿನ ನೀರಿನಲ್ಲೋ ಮೋರಿಯಲ್ಲೋ ಮುಳುಗಿದ್ದರೂ ಇದೇ ಗುಳುಗುಳು. ತುದಿಯನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿಟ್ಟರೆ ಮುಗಿಯಿತು. ಪೈಪು ನಡುವೆ ಜೋತುಬಿದ್ದು ಅಲ್ಲಿ ಪಾಚಿ ಕಟ್ಟಿದ್ದರೆ ಮಾತ್ರ ಉದಾಸೀನ ಮಾಡಬಾರದು. ಇವತ್ತು ಗುಳುಗುಳು ಎಂದ ನೀರು ನಾಳೆ ತಟ್ಟೆ ತುಂಬಿ ಗೋಡೆಯ ಮೇಲೆ ಇಳಿಯುತ್ತದೆ. ಗ್ಯಾಸಿನ ಗುಳುಗುಳುವಿಗೂ ನೀರಿನದ್ದಕ್ಕೂ ವ್ಯತ್ಯಾಸ ಕಂಡುಕೊಳ್ಳುವುದು ಸುಲಭ. ರಿಮೋಟಿನಲ್ಲಿ ಬರೀ ಫ್ಯಾನಿಗೆ ಹಾಕಿ ಐದು ನಿಮಿಷ ಕಾಯಬೇಕು. ಕಂಪ್ರೆಸರ್ ನಿಂತು ಗ್ಯಾಸು ಸುಮ್ಮನಾದ ಮೇಲೂ ಗುಳುಗುಳು ಇದ್ದರೆ ಅದು ನೀರಿನ ಪೈಪಿನದ್ದು.

ಟಕ್ ಟಕ್ ಎಂಬ ಸದ್ದಿನ ಬಗ್ಗೆ ಬರುವ ದೂರುಗಳಲ್ಲಿ ಎಷ್ಟೋ ಏಸಿಯದ್ದೇ ಅಲ್ಲ, ಸ್ಟೆಬಿಲೈಜರಿನದ್ದು ಎಂದು ಚಾಚಾ ಹೇಳಿದರು. ಬೇಸಿಗೆಯಲ್ಲಿ ನಮ್ಮ ಕಡೆ ವೋಲ್ಟೇಜ್ ಏರಿಳಿದ ಹಾಗೆಲ್ಲ ಅದರ ರಿಲೇಗಳು ಟಕ್ಕೆನ್ನುತ್ತವೆ. ಪಕ್ಕಕ್ಕೆ ಹೋಗಿ ಕಿವಿಗೊಟ್ಟರೆ ತಿಳಿಯುತ್ತದೆ. ಏಸಿಯೊಳಗಿನ ಪ್ಲಾಸ್ಟಿಕ್ಕು ತಣ್ಣಗಾಗಿ ಕುಗ್ಗುವಾಗ, ಮತ್ತೆ ಹಿಗ್ಗುವಾಗ ಟಿಕ್ ಟಿಕ್ ಎನ್ನುವುದೂ ಸಹಜ. ಕಂಪ್ರೆಸರ್ ಹಚ್ಚಿದಾಗ ಒಂದು ಟಕ್, ನಿಂತಾಗ ಒಂದು ಟಕ್, ಅದೂ ಸಹಜ. ಇನ್ವರ್ಟರ್ ಏಸಿಗೆ ಕರೆಂಟು ಬಂದ ಕೂಡಲೇ ಹೊರಗಿನ ಪೆಟ್ಟಿಗೆ ಟಿಕಟಿಕಟಿಕ ಎಂದು ಕೆಲವು ಸೆಕೆಂಡು ಸದ್ದು ಮಾಡಿದರೆ ಅದರ ವಾಲ್ವು ತನ್ನ ಜಾಗವನ್ನು ಹುಡುಕಿಕೊಳ್ಳುತ್ತಿದೆ ಎಂದರ್ಥ.

ಹೆದರಬೇಕಾದ ಟಕ್ ಹೊರಗಿನ ಪೆಟ್ಟಿಗೆಯದ್ದು, ಅದಕ್ಕೊಂದು ಲಯವಿದೆ. ಟಕ್, ಗುಂಯ್ ಎಂದು ಕೆಲವು ಸೆಕೆಂಡು, ಮತ್ತೆ ಟಕ್, ಆಮೇಲೆ ಮೌನ. ಕೆಲವು ನಿಮಿಷ ಬಿಟ್ಟು ಮತ್ತೆ ಅದೇ. ಒಳಗೆ ಬರೀ ಬೆಚ್ಚನೆ ಗಾಳಿ. ಕಂಪ್ರೆಸರ್ ಎದ್ದೇಳಲು ಹೆಣಗಿ, ಆಗದೆ, ಬಿಸಿಯಾಗಿ, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ಚು ಕರೆಂಟು ಕಡಿಯುತ್ತಿದೆ. ಇನ್ವರ್ಟರ್ ಅಲ್ಲದ ಏಸಿಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಕೆಪಾಸಿಟರ್, ಕಂಪ್ರೆಸರನ್ನು ತಳ್ಳಿ ಎಬ್ಬಿಸುವ ಡಬ್ಬಿ. ಅದರ ಮೇಲೆ 50 ಎಂಎಫ್‌ಡಿ ಎಂದು ಬರೆದಿದ್ದು, ಅಳೆದರೆ 38 ಬಂದರೆ ಅದು ಸತ್ತ ಲೆಕ್ಕ. ಬದಲಿಸುವುದಕ್ಕೆ ಕೆಲವು ನೂರು ರೂಪಾಯಿ. ಆದರೆ ಪ್ರತಿ ಹೆಣಗಾಟದಲ್ಲೂ ಕಂಪ್ರೆಸರ್ ಎಂದಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಒಳಗಿನ ತಂತಿಯ ಸುತ್ತು ಸುಡುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಕೆಪಾಸಿಟರಿನ ಖರ್ಚು ಕಂಪ್ರೆಸರಿನ ಖರ್ಚಾಗುತ್ತದೆ. ಆ ಲಯ ಎರಡನೆಯ ಸಲ ಕೇಳಿಸಿದರೆ ಬಂದ್ ಮಾಡಿ ಮೆಕ್ಯಾನಿಕ್ಕಿಗೆ ಫೋನು ಮಾಡುವುದೊಂದೇ ಕೆಲಸ. ಕೆಪಾಸಿಟರನ್ನು ಮನೆಯವರು ಮುಟ್ಟಬಾರದು, ಕರೆಂಟು ತೆಗೆದ ಮೇಲೂ ಅದರಲ್ಲಿ ಝಾಡಿಸುವಷ್ಟು ಶಕ್ತಿ ಉಳಿದಿರುತ್ತದೆ.

ಗಡಗಡ ಸದ್ದು ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುತ್ತದೆ, ಎಲ್ಲಕ್ಕಿಂತ ಅಗ್ಗದಲ್ಲಿ ಮುಗಿಯುತ್ತದೆ. ಸದ್ದು ಬರುವಾಗ ಒಳಗಿನ ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ನಿಂತರೆ ಮುಚ್ಚಳದ ಕೊಂಡಿಯೋ ಜಾಳಿಗೆಯೋ ಸರಿಯಾಗಿ ಕೂತಿಲ್ಲ, ತೊಳೆದು ಹಾಕಿದ ಮರುದಿನ ಈ ಸದ್ದು ಶುರುವಾಗುವುದು ಅದಕ್ಕೇ. ಹೊರಗಿನದ್ದಾದರೆ ಸ್ಟ್ಯಾಂಡಿನ ಬೋಲ್ಟು ಸಡಿಲಾಗಿರಬಹುದು, ಎರಡು ತಾಮ್ರದ ಪೈಪುಗಳು ಒಂದಕ್ಕೊಂದು ತಾಗುತ್ತಿರಬಹುದು. ತಾಗುವ ಪೈಪನ್ನು ಮಾತ್ರ ಹಾಗೇ ಬಿಡಬೇಡಿ. ಉಜ್ಜಿ ಉಜ್ಜಿ ತಾಮ್ರ ಸವೆದರೆ ಅಲ್ಲೇ ತೂತು ಬಿದ್ದು, ಕಥೆ ಮತ್ತೆ ಬುಸ್ಸಿಗೆ ಬರುತ್ತದೆ. ನಡುವೆ ರಬ್ಬರಿನ ತುಂಡು ಕಟ್ಟಿಸಿದರೆ ಆಯಿತು.

ಫ್ಯಾನಿಗೆ ಕಡ್ಡಿ ತಾಗಿದರೆ ಸದ್ದು ಗಡಗಡ ಅಲ್ಲ, ಟರ್ರ್ ಎಂದು ಒಂದೇ ಸಮ. ಚಾಚಾ ನಮ್ಮ ಮಾಳಿಗೆಯಿಂದ ಇಳಿಯುವ ಮುಂಚೆ ಹೊರಗಿನ ಪೆಟ್ಟಿಗೆಯ ಹಿಂದೆ ಕೈಹಾಕಿ ಪಾರಿವಾಳದ ಅರ್ಧ ಕಟ್ಟಿದ ಗೂಡು ಹೊರತೆಗೆದರು. ಬೇವಿನ ಕಡ್ಡಿ, ಒಂದಿಷ್ಟು ತಂತಿ. ನಂತರ ಮಾರ್ಕರ್ ಪೆನ್ನು ಕೇಳಿ, ಪೆಟ್ಟಿಗೆಯ ಪಕ್ಕದಲ್ಲಿ ಬಿಸಿಲು ಬೀಳದ ಕಡೆ ತಾರೀಖು, ಗ್ಯಾಸಿನ ಹೆಸರು, 800 ಗ್ರಾಂ, ಯಾವ ಜೋಡಣೆ ರಿಪೇರಿಯಾಯಿತು ಎಂದು ಬರೆದಿಟ್ಟರು. "ಮುಂದ ಯಾರಾದ್ರೂ ಬಂದು ಗ್ಯಾಸ್ ಖಾಲಿ ಅಂದ್ರ, ಮೊದ್ಲ ಇದನ್ನ ತೋರಸ್ರಿ" ಎಂದರು.